ಚಳಿಯಲ್ಲಿ ಮಲಗಿದ ಸ್ಲ್ಯಾಬ್

ಕಟ್ಟಡದ ಕೆಲಸದಲ್ಲಿ ಎಲ್ಲರಿಗೂ ಗಂಟಲು ದೊಡ್ಡದು. ಕ್ರೇನ್ ಓಡಿಸುವವನಿಂದ ಹಿಡಿದು ಚಹಾ ತರುವ ಹೆಂಗಸಿನವರೆಗೆ ಒಬ್ಬರೂ ಮೆಲ್ಲಗೆ ಮಾತಾಡುವವರಲ್ಲ. ಮೆಲ್ಲಗೆ ಮಾತಾಡಿದರೆ ಅಲ್ಲಿ ಯಾರಿಗೂ ಕೇಳಿಸುವುದೂ ಇಲ್ಲ. ಅಂಥ ಕಡೆ ಕೆಲಸಕ್ಕೆ ಸೇರಿದ ಆ ಕಿರಿಯ ಇಂಜಿನಿಯರ್ ಹುಡುಗಿಯ ಧ್ವನಿ ಹುಟ್ಟಿನಿಂದಲೇ ಸಣ್ಣದು. ಸೇರಿದ ವಾರದೊಳಗೆ, ಸ್ಲ್ಯಾಬಿಗೆ ಹಲಗೆ, ಆಸರೆ ಕಟ್ಟುವ ಸೆಂಟ್ರಿಂಗ್‌ನವರು ಅವಳಿಗೆ ‘ಇಲಿಮರಿ’ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವಳೂ ಅದಕ್ಕೆ ಓಗೊಡತೊಡಗಿದಳು.

ಕಟ್ಟುತ್ತಿದ್ದದ್ದು ದೊಡ್ಡದೊಂದು ಬಸ್ ನಿಲ್ದಾಣ. ಕೆಳಗೆ ಪ್ರಯಾಣಿಕರು ಕಾಯುವ ಹಾಲ್, ಅದರ ಮೇಲೆ ಕಚೇರಿಗಳು. ಹಾಲ್‌ನಲ್ಲಿ ಓಡಾಟಕ್ಕೆ ಅಡ್ಡ ಬರಬಾರದೆಂದು ಕಂಬಗಳನ್ನು ದೂರದೂರ ನಿಲ್ಲಿಸಿದ್ದರು. ಆ ಕಂಬಗಳ ಮೇಲೆ ಹತ್ತು ದಿನದ ಹಿಂದೆ ಸ್ಲ್ಯಾಬ್ ಹಾಕಿದ್ದಾಗಿತ್ತು. ಅದರ ಕೆಳಗೆ ಸಾಲುಸಾಲಾಗಿ ಕಬ್ಬಿಣದ ಆಸರೆಗಳು ನಿಂತಿದ್ದವು. ಒಳಗೆ ಹೋದರೆ ಎಲೆಯುದುರಿದ ಕಾಡಿನೊಳಗೆ ಹೊಕ್ಕ ಹಾಗಿರುತ್ತಿತ್ತು. ಕಾಂಕ್ರೀಟು ತನ್ನ ಭಾರ ತಾನೇ ಹೊರುವಷ್ಟು ಗಟ್ಟಿಯಾಗುವ ತನಕ ಆ ಆಸರೆಗಳು ಅಲ್ಲಿರಬೇಕು.

ಇಲಿಮರಿಯ ಕೆಲಸ ಕಾಂಕ್ರೀಟಿನ ಪರೀಕ್ಷೆ. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟಿನಿಂದ ಅಂಗೈಯಗಲದ ಚೌಕದ ಅಚ್ಚುಗಳನ್ನು ತುಂಬುವುದು, ಮಾರನೆಯ ದಿನ ಅಚ್ಚು ಬಿಚ್ಚಿ ಆ ಕ್ಯೂಬುಗಳನ್ನು ಪರೀಕ್ಷಾ ಕೋಣೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದು, ವಾರ ಕಳೆದ ಮೇಲೆ ಕೆಲವನ್ನು ಯಂತ್ರಕ್ಕೆ ಕೊಟ್ಟು ಎಷ್ಟು ಒತ್ತಡಕ್ಕೆ ಒಡೆಯುತ್ತವೆ ಎಂದು ನೋಡುವುದು. ಈ ಸ್ಲ್ಯಾಬಿನ ಕ್ಯೂಬುಗಳು ಒಳ್ಳೆಯ ಒತ್ತಡ ತಾಳಿಯೇ ಒಡೆದಿದ್ದವು. ಆ ಒತ್ತಡದ ಅಂಕಿ ಇಪ್ಪತ್ತು ದಾಟಿದರೆ ಆಸರೆ ತೆಗೆಯಬಹುದು ಎಂದು ನಕ್ಷೆ ಮಾಡಿದವರು ಬರೆದಿದ್ದರು. ಕ್ಯೂಬುಗಳು ಇಪ್ಪತ್ತಮೂರರ ತನಕ ತಾಳಿದ್ದವು. ಎಲ್ಲರೂ ಖುಷಿಯಾಗಿದ್ದರು. ಅವಳೂ ಖುಷಿಯಾಗಿದ್ದಳು.

ಆದರೆ ಸ್ಲ್ಯಾಬ್ ಹಾಕಿದ ಮರುದಿನದಿಂದಲೇ ಚಳಿ ಬಿದ್ದಿತ್ತು. ಅಂಥಿಂಥ ಚಳಿಯಲ್ಲ, ಮೂಳೆಗೆ ಇಳಿಯುವ ಚಳಿ. ಹೊತ್ತೇರಿದರೂ ಮಂಜು ಸರಿಯುತ್ತಿರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಅವಳು ಸ್ಲ್ಯಾಬ್ ಮೇಲೆ ಹತ್ತಿದಾಗ ನೀರು ಹಾಯಿಸಲು ಇಟ್ಟಿದ್ದ ಬಕೆಟ್ಟಿನಲ್ಲಿ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬೆರಳುಗಳು ಮರಗಟ್ಟಿ ಪೆನ್ನು ಹಿಡಿಯಲಾಗಲಿಲ್ಲ. ಕೆಳಗಿಳಿದು ಓಡುತ್ತ ಪರೀಕ್ಷಾ ಕೋಣೆಗೆ ಬಂದು, ಯಾರೂ ಇಲ್ಲದ್ದು ನೋಡಿ, ಎರಡೂ ಕೈಗಳನ್ನು ಕ್ಯೂಬುಗಳ ತೊಟ್ಟಿಯೊಳಗೆ ಮುಳುಗಿಸಿಬಿಟ್ಟಳು.

ನೀರು ಹಿತವಾಗಿ ಬೆಚ್ಚಗಿತ್ತು. ನಿಯಮವೇ ಹಾಗೆ, ತೊಟ್ಟಿಗೆ ಹೀಟರ್ ಇದೆ, ಚಳಿಗಾಲ ಬೇಸಿಗೆ ಎನ್ನದೆ ಒಂದೇ ಬಿಸಿ. ಬೆರಳಿಗೆ ಜೀವ ಬರುತ್ತಿದ್ದ ಹಾಗೆ ಅವಳು ಅಡಿಯಲ್ಲಿ ಕೂತಿದ್ದ ಕ್ಯೂಬುಗಳನ್ನು ನೋಡಿದಳು. ‘ನಿಮಗೇನಪ್ಪಾ, ಸುಖವಾಗಿದ್ದೀರಿ’ ಎಂದು ನಗಲು ಹೋದವಳು ಅಲ್ಲೇ ನಿಂತುಬಿಟ್ಟಳು. ಕಾಂಕ್ರೀಟು ಬೆಚ್ಚಗಿದ್ದರೆ ಬೇಗ ಬಲಿಯುತ್ತದೆ, ತಣ್ಣಗಿದ್ದರೆ ನಿಧಾನ. ಇದು ಕಾಲೇಜಿನ ಮೊದಲ ವರ್ಷದ ಪಾಠ. ಒಡೆದು ನೋಡಿದ್ದು ಈ ಬೆಚ್ಚಗಿನ ಕ್ಯೂಬುಗಳನ್ನು. ಮೇಲಿನ ಸ್ಲ್ಯಾಬ್ ಮಲಗಿರುವುದು ಮಂಜುಗಡ್ಡೆಯ ಪಕ್ಕ. ಇವುಗಳ ಬಲ ಅದಕ್ಕೆ ಬಂದಿದೆಯೆಂದು ಹೇಳುವುದು ಹೇಗೆ?

ಬೆಚ್ಚಗಾಗಿದ್ದ ಕೈ ಮತ್ತೆ ತಣ್ಣಗಾಯಿತು. ನಾಳೆ ಬೆಳಿಗ್ಗೆಯ ಮೀಟಿಂಗಿನಲ್ಲಿ ಆಸರೆ ತೆಗೆಯುವ ತೀರ್ಮಾನ ಆಗುವುದಿತ್ತು.

ತೀರ್ಮಾನ ಮಾಡುವವರು ಹಿರಿಯ ಇಂಜಿನಿಯರು. ಅವರ ಗಂಟಲಿಗೆ ಹೆದರಿ ಕೆಲಸದವರು ‘ಗುಡುಗಪ್ಪ’ ಎನ್ನುತ್ತಿದ್ದರು. ಅವಳು ಹುಟ್ಟುವ ಮೊದಲೇ ಸೇತುವೆ ಕಟ್ಟಿದವರು. ಸುಮ್ಮನೆ ಕೂಗಾಡುವ ಮನುಷ್ಯನೂ ಅಲ್ಲ. ಸೇರಿದ ಹೊಸದರಲ್ಲಿ ಅವಳ ತಪ್ಪಿನಿಂದ ಒಂದು ಲೋಡ್ ಕಾಂಕ್ರೀಟು ಗಟ್ಟಿಯಾಗಿ ವಾಪಸು ಹೋದಾಗ, ಎಲ್ಲರೂ ಅವಳ ಮೇಲೆ ಬೀಳುವ ಮೊದಲೇ ಅವರು, “ನಾನೇ ಹೇಳೋಕೆ ಮರೆತೆ, ಬಿಡಿ” ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಅವರಿಗೆ ಎದುರು ಮಾತಾಡುವುದೆಂದರೆ ಅವಳಿಗೆ ಉಂಡ ಮನೆಯ ಜಂತೆ ಎಣಿಸಿದ ಹಾಗೆ.

ಆದರೂ ಮಧ್ಯಾಹ್ನ ಧೈರ್ಯ ಮಾಡಿ ಅವರ ಮೇಜಿನ ಮುಂದೆ ಹೋಗಿ ನಿಂತಳು. ಅವರು ಫೋನಿನಲ್ಲಿ ಯಾರಿಗೋ ಕಬ್ಬಿಣ ತಡವಾದದ್ದಕ್ಕೆ ಬಯ್ಯುತ್ತಿದ್ದರು.

“ಏನಮ್ಮಾ?” ಎಂದರು, ಫೋನನ್ನು ಕಿವಿಯಿಂದ ಬೆರಳಗಲ ಸರಿಸಿ.

“ಸರ್, ಆ ಸ್ಲ್ಯಾಬಿನ ಕ್ಯೂಬ್ ವಿಷಯ...”

“ರಿಪೋರ್ಟ್ ನೋಡ್ದೆ. ಚೆನ್ನಾಗಿದೆ. ಏನಿದ್ರೂ ನಾಳೆ ಮೀಟಿಂಗಲ್ಲಿ ಹೇಳು” ಎಂದು ಮತ್ತೆ ಫೋನಿಗೆ ತಿರುಗಿದರು.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಅವರು ನೋಡಲಿಲ್ಲ. ಕಾಲುಗಳು ತಾವಾಗಿಯೇ ಹೊರಗೆ ಬಂದವು.

ಮನೆಯಲ್ಲಿ ಅವಳೂ ಅವಳ ಅಕ್ಕನೂ ಇಬ್ಬರೇ. ಅಕ್ಕನದು ಕರೆಂಟಿನ ಕಚೇರಿಯಲ್ಲಿ ದೂರು ಕೇಳುವ ಕೆಲಸ. ದಿನವಿಡೀ ಫೋನಿನಲ್ಲಿ ಬೈಗುಳ ತಿಂದು ಸಂಜೆ ಹಸನ್ಮುಖಿಯಾಗಿ ಮನೆಗೆ ಬರುವ ಹೆಂಗಸು ಅವಳು. ತಂಗಿ ತಟ್ಟೆಯ ಮುಂದೆ ಕೂತು ಊಟ ಮಾಡದೆ ತುತ್ತನ್ನು ಆ ಕಡೆಯಿಂದ ಈ ಕಡೆಗೆ ದಬ್ಬುತ್ತಿದ್ದದ್ದನ್ನು ನೋಡಿ ವಿಷಯ ಕೇಳಿದಳು. ತಂಗಿ ಎಲ್ಲವನ್ನೂ ಹೇಳಿದಳು.

“ಬಿದ್ದೇ ಬೀಳತ್ತಾ?” ಎಂದಳು ಅಕ್ಕ.

“ಗೊತ್ತಿಲ್ಲ ಕಣಕ್ಕಾ. ಬೀಳದೇನೂ ಇರಬಹುದು. ಬಗ್ಗಬಹುದು, ಬಿರುಕು ಬಿಡಬಹುದು. ಆದ್ರೆ ಅದರ ಮೇಲೆ ಮುಂದಿನ ಮಹಡಿ ಭಾರಾನೂ ಹೊರಿಸ್ತಾರೆ. ಕೆಳಗೆ ಪೈಪ್ ಕೆಲಸದವ್ರು ಬರ್ತಾರೆ.”

“ಮತ್ತೆ ಹೇಳೋಕೇನು ರೋಗ?”

“ನಾನು ತಪ್ಪಾಗಿದ್ರೆ? ಅವರಿಗೆ ಮೂವತ್ತು ವರ್ಷದ ಅನುಭವ. ನಂಗೆ ಮೂವತ್ತು ವಾರದ್ದೂ ಇಲ್ಲ. ಎಲ್ಲರ ಮುಂದೆ ನಕ್ಕುಬಿಟ್ರೆ?”

“ನಕ್ರೆ ಹಲ್ಲು ಅವರದ್ದು ಕಾಣತ್ತೆ, ನಿಂದಲ್ಲ” ಎಂದಳು ಅಕ್ಕ. ಆಮೇಲೆ ತಮಾಷೆ ಬಿಟ್ಟು ತಂಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. “ನೋಡು, ನನ್ನ ಹತ್ರ ಫೋನ್ ಮಾಡೋರಲ್ಲಿ ಎರಡು ಥರ. ಕೆಲವರು ಹತ್ತು ದೂರು ಒಟ್ಟಿಗೆ ಹೇಳ್ತಾರೆ. ಅವರದ್ದು ಒಂದೂ ನೆನಪಿರಲ್ಲ. ಕೆಲವರು ಒಂದೇ ಹೇಳ್ತಾರೆ. ‘ಕಂಬದ ತಂತಿ ನೀರಿಗೆ ತಾಕ್ತಿದೆ.’ ಅಷ್ಟೆ. ಮೈ ಜುಂ ಅನ್ನತ್ತೆ, ತಕ್ಷಣ ಆಳು ಕಳಿಸ್ತೀವಿ. ನೀನೂ ಒಂದೇ ಹೇಳು. ಅವರದ್ದು ತಪ್ಪು ಅನ್ನಬೇಡ. ಏನು ಮಾಡಬಹುದು ಅನ್ನೋದನ್ನೂ ಜೊತೆಗೇ ಹೇಳು. ಆಮೇಲೆ ಬಾಯಿ ಮುಚ್ಕೋ.”

“ಧ್ವನಿ ನಡುಗಿದ್ರೆ?”

“ನಡುಗಲಿ. ನಡುಗೋ ಧ್ವನೀನೂ ಕಿವಿಗೆ ಕೇಳತ್ತೆ.”

ಏನು ಮಾಡಬಹುದು ಎಂದು ಯೋಚಿಸಿದಾಗ, ಸ್ಲ್ಯಾಬ್ ಮೇಲೇ ಬಿಟ್ಟಿದ್ದ ಮೂರು ಹೆಚ್ಚಿನ ಕ್ಯೂಬುಗಳು ಅವಳಿಗೆ ನೆನಪಾದವು. ಹಾಸಿಗೆಗೆ ಹೋಗುವ ತನಕ ಆ ಒಂದು ಮಾತನ್ನು ಹುಡುಕಿದಳು. ಉದ್ದ ಮಾಡಿದಳು, ಕತ್ತರಿಸಿದಳು, ಕನ್ನಡಿಯ ಮುಂದೆ ಹೇಳಿದಳು. ಕನ್ನಡಿಯಲ್ಲಿ ಕಂಡ ಮುಖ ಈಗಲೇ ಕ್ಷಮೆ ಕೇಳುತ್ತಿರುವ ಹಾಗಿತ್ತು.

ಮೀಟಿಂಗ್ ನಡೆಯುತ್ತಿದ್ದದ್ದು ಸೈಟಿನ ತಗಡಿನ ಕ್ಯಾಬಿನ್ನಿನಲ್ಲಿ. ಉದ್ದನೆಯ ಮೇಜು, ಮೂಲೆಯಲ್ಲಿ ಕೆಂಪಗೆ ಕಾದ ಹೀಟರ್, ಗೋಡೆಗೆ ನಕ್ಷೆಗಳು, ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳ ಗುರುತು. ಮೇಜಿನ ತಲೆಗೆ ಪ್ರಾಜೆಕ್ಟ್ ಮ್ಯಾನೇಜರ್ ಮೇಡಂ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ನಯವಾದ ಹೆಂಗಸು. ಅವರ ಬಲಕ್ಕೆ ಹಿರಿಯ ಇಂಜಿನಿಯರು, ಎಡಕ್ಕೆ ಸೆಂಟ್ರಿಂಗ್ ಮೇಸ್ತ್ರಿ. ಆಸರೆ ನಿಲ್ಲಿಸುವುದು, ಬಿಚ್ಚುವುದು ಎರಡೂ ಆತನ ಜನರ ಕೆಲಸ. ಇನ್ನು ಐದಾರು ಜನ ಬೇರೆಬೇರೆ ಕೆಲಸದವರು. ಇಲಿಮರಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಹೀಟರಿನ ಬಿಸಿ ಅವಳ ತನಕ ಬರುತ್ತಿರಲಿಲ್ಲ. ಬಂದಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಒಂದು ಮಾತನ್ನು ಮನಸ್ಸಿನಲ್ಲೇ ಮತ್ತೆಮತ್ತೆ ಹೇಳಿಕೊಳ್ಳುತ್ತಿದ್ದಳು.

“ಮೊದಲನೇದು, ಹಾಲ್‌ನ ಸ್ಲ್ಯಾಬ್” ಎಂದರು ಮೇಡಂ.

“ಕ್ಯೂಬ್ ಇಪ್ಪತ್ತಮೂರು ಬಂದಿದೆ” ಎಂದರು ಹಿರಿಯ ಇಂಜಿನಿಯರು. “ನಾಳೆಯಿಂದ ಸೆಂಟ್ರಿಂಗ್ ಬಿಚ್ಚಬಹುದು. ಆ ಆಸರೆಗಳು ಪಕ್ಕದ ಭಾಗಕ್ಕೆ ಬೇಕು, ಅಲ್ಲಿ ಕಬ್ಬಿಣ ಕಟ್ಟೋರು ಕೈ ಕಟ್ಕೊಂಡು ಕೂತಿದಾರೆ. ಬಿಚ್ಚಿದ ಮೇಲೆ ಇದರ ಮೇಲೇ ಮುಂದಿನ ಮಹಡಿಯ ಸೆಂಟ್ರಿಂಗ್ ನಿಲ್ಲಿಸೋಣ.”

“ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?” ಮೇಡಂ ಮೇಜಿನ ಸುತ್ತ ಕಣ್ಣಾಡಿಸಿದರು.

ಇದೇ ಹೊತ್ತು. ಇಲಿಮರಿ ಬಾಯಿ ತೆರೆದಳು. ಕನ್ನಡಿಯ ಮುಂದೆ ಹೇಳಿದ್ದ ಮಾತು ಎಲ್ಲಿ ಹೋಯಿತೋ. ತಲೆಯೊಳಗೆ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೇಡಂ ಅವರ ಕಣ್ಣು ಅವಳ ಮೇಲೆ ಬಂತು, ನಿಲ್ಲದೆ ದಾಟಿತು.

“ಸರಿ, ಹಾಗಾದ್ರೆ ಆಯ್ತು. ಎರಡನೇದು, ಚರಂಡಿ.”

ಆಗಿಹೋಯಿತು. ಚರಂಡಿಯವನು ಮಾತು ಶುರು ಮಾಡಿದ. ಇಲಿಮರಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆಯಾಗುವಷ್ಟು ಸಮಾಧಾನ. ಇನ್ನು ತನ್ನ ಕೈಯಲ್ಲಿಲ್ಲ, ಹಿರಿಯರು ನೋಡಿದ್ದಾರೆ, ಮೇಡಂ ಒಪ್ಪಿದ್ದಾರೆ. ಬೆಕ್ಕಿಗೆ ಗಂಟೆ ಕಟ್ಟಲು ಇಲಿಮರಿಯೇ ಆಗಬೇಕೆಂದು ಎಲ್ಲಿ ಬರೆದಿದೆ?

ಆಗ ಮೇಸ್ತ್ರಿ, ಚರಂಡಿಯ ಮಾತಿನ ನಡುವೆಯೇ, ತನ್ನ ಪಕ್ಕದವನಿಗೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು: “ನಾಳೆ ಬೆಳಿಗ್ಗೆ ನಮ್ಮ ಅಳಿಯನ ತಂಡ ಹಾಕ್ತೀನಿ. ಅವ್ನು ನಡುಮಧ್ಯದ ಆಸರೆ ಬಿಚ್ಚೋದ್ರಲ್ಲಿ ಜಾಣ.”

ಆಸರೆ ಬಿಚ್ಚುವುದು ಯಾವಾಗಲೂ ನಡುಮಧ್ಯದಿಂದ. ಬಿಚ್ಚುವವನು ನಿಲ್ಲುವುದೂ ಅಲ್ಲೇ, ಸ್ಲ್ಯಾಬಿನ ಹೊಟ್ಟೆಯ ಕೆಳಗೆ. ಅಳಿಯನನ್ನು ಅವಳು ನೋಡಿದ್ದಳು. ಹೆಲ್ಮೆಟ್ಟಿನ ಮೇಲೆ ಹಲ್ಲು ಬಿಟ್ಟ ಸೂರ್ಯನ ಚಿತ್ರ ಬರೆದುಕೊಂಡವನು. ಅವಳಿಗೆ ಈಗ ಮಾತಾಡಲು ಭಯ, ಆಡದಿರಲು ಅದಕ್ಕಿಂತ ಭಯ. ಅತ್ತ ದರಿ, ಇತ್ತ ಪುಲಿ.

ಅವಳು ಎದ್ದು ನಿಂತಳು. ಯಾಕೆ ನಿಂತಳೋ, ಆ ಕ್ಯಾಬಿನ್ನಿನಲ್ಲಿ ಯಾರೂ ನಿಂತು ಮಾತಾಡುತ್ತಿರಲಿಲ್ಲ. ಕುರ್ಚಿ ಹಿಂದಕ್ಕೆ ಸರಿದು ತಗಡಿನ ಗೋಡೆಗೆ ಢಣ್ ಎಂದು ಬಡಿಯಿತು. ಚರಂಡಿಯವನು ಮಾತು ನಿಲ್ಲಿಸಿದ. ಎಲ್ಲ ತಲೆಗಳೂ ತಿರುಗಿದವು.

“ಕ್ಷಮಿಸಿ” ಎಂದಳು. ಧ್ವನಿ ನಡುಗಿತು. “ಮೇಡಂ, ಹಾಲ್‌ನ ಸ್ಲ್ಯಾಬಿಗೆ ಒಂದ್ ನಿಮಿಷ ವಾಪಸ್ ಹೋಗಬಹುದಾ? ಆಗಲೇ ಹೇಳಬೇಕಿತ್ತು. ಹೇಳೋಕಾಗಲಿಲ್ಲ.”

“ಹೇಳಿ” ಎಂದರು ಮೇಡಂ, ಹುಬ್ಬೇರಿಸಿ.

“ಇಪ್ಪತ್ತಮೂರು ಬಂದಿದ್ದು ಬೆಚ್ಚಗಿನ ನೀರಲ್ಲಿದ್ದ ಕ್ಯೂಬಿಗೆ. ಸ್ಲ್ಯಾಬ್ ಹತ್ತು ದಿನದಿಂದ ಮಂಜಲ್ಲಿ ಮಲಗಿದೆ. ಅದರ ಬಲ ಎಷ್ಟು ಅಂತ ನಾವಿನ್ನೂ ನೋಡಿಲ್ಲ.” ಉಸಿರು ಮುಗಿಯಿತು. ಇನ್ನೊಂದು ಎಳೆದುಕೊಂಡಳು. “ಅವತ್ತು ತೊಟ್ಟಿಯಲ್ಲಿ ಜಾಗ ಇಲ್ಲದೆ ಮೂರು ಹೆಚ್ಚಿನ ಕ್ಯೂಬ್‌ಗಳನ್ನ ಸ್ಲ್ಯಾಬ್ ಮೇಲೇ ಒದ್ದೆ ಗೋಣಿ ಕೆಳಗೆ ಇಟ್ಟಿದ್ದೆ. ಬಿಚ್ಚೋ ಮುಂಚೆ ಅವನ್ನ ಒಡೆದು ನೋಡೋಣ ಅಂತ. ಅಷ್ಟೆ.”

ಹೇಳಿಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಳು.

ಹಿರಿಯ ಇಂಜಿನಿಯರು ತಕ್ಷಣ ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು. ಕನ್ನಡಕ ತೆಗೆದು ಒರೆಸಿದರು. ಅವರ ಕಿವಿಯ ತುದಿ ಕೆಂಪಾಗಿತ್ತು.

“ಎಷ್ಟು ಸ್ಲ್ಯಾಬ್ ಬಿಚ್ಚಿಸಿದೀಯಮ್ಮಾ ನೀನು?”

“ಒಂದೂ ಇಲ್ಲ ಸರ್.”

ಯಾರೋ ಕಿಸಕ್ಕನೆ ನಕ್ಕರು.

“ನಾನು ಇದಕ್ಕಿಂತ ಚಳೀಲಿ ಬಿಚ್ಚಿಸಿದೀನಿ. ಇನ್ನೊಂದು ಕೇಳು. ಕ್ಯೂಬ್ ಅಂದ್ರೆ ಅಂಗೈಯಗಲದ್ದು, ಬೇಗ ತಣ್ಣಗಾಗತ್ತೆ. ಸ್ಲ್ಯಾಬ್ ದಪ್ಪ, ತನ್ನ ಬಿಸೀನ ತಾನೇ ಹಿಡಿದಿಟ್ಕೊಳ್ಳತ್ತೆ. ಮೇಲೆ ಚಳೀಲಿಟ್ಟ ಕ್ಯೂಬ್ ಒಡೆದ್ರೆ ಇರೋದಕ್ಕಿಂತ ಕಮ್ಮೀನೇ ತೋರಿಸತ್ತೆ. ಇದು ಗೊತ್ತಾ?”

ಅದು ನಿಜವಾಗಿತ್ತು. ಅವಳು ಅದನ್ನು ಯೋಚಿಸಿರಲಿಲ್ಲ. ಕೂತುಬಿಡೋಣ, ಕ್ಷಮೆ ಕೇಳಿ ಕೂತುಬಿಡೋಣ ಎನಿಸಿತು.

“ಹೌದು ಸರ್. ನೀವು ಹೇಳಿದ್ದು ಸರಿ” ಎಂದಳು. “ಸ್ಲ್ಯಾಬಿನ ಬಲ ಆ ಕ್ಯೂಬಿಗಿಂತ ಸ್ವಲ್ಪ ಹೆಚ್ಚೇ ಇರಬಹುದು. ತೊಟ್ಟಿಯ ಕ್ಯೂಬಿಗಿಂತ ಕಮ್ಮಿ ಇರಬಹುದು. ಎರಡರ ನಡುವೆ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ ಸರ್. ನಿಮ್ಮ ಅನುಭವಕ್ಕೆ ನಾನು ಎದುರಾಡ್ತಿಲ್ಲ. ಆದ್ರೆ ಗೊತ್ತಾಗೋ ಮುಂಚೆ ಬಿಚ್ಚೋದಕ್ಕೆ ನಂಗೆ ಒಪ್ಪಿಗೆ ಇಲ್ಲ.”

ಕೊನೆಯ ಮಾತನ್ನು ಅವಳು ಅಂದುಕೊಂಡು ಆಡಿದ್ದಲ್ಲ. ಒಪ್ಪಿಗೆ ಇಲ್ಲವಂತೆ! ಅವಳ ಒಪ್ಪಿಗೆಯನ್ನು ಕೇಳಿದವರಾದರೂ ಯಾರು?

ಮೇಡಂ ಒಮ್ಮೆ ಬಲಕ್ಕೆ ನೋಡಿದರು, ಒಮ್ಮೆ ಬಾಗಿಲ ಕಡೆ ನೋಡಿದರು. “ಸರ್ ಹೇಳೋದೂ ಸರಿ, ಅವಳು ಹೇಳೋದೂ...” ಎಂದು ಅರ್ಧಕ್ಕೆ ನಿಲ್ಲಿಸಿದರು.

“ಆ ಮೂರು ಕ್ಯೂಬ್ ಒಡೆಯೋಕೆ ಎಷ್ಟು ಹೊತ್ತು ಬೇಕಮ್ಮಾ?” ಎಂದು ಕೇಳಿದವನು ಮೇಸ್ತ್ರಿ. ಅವನ ಮುಖದಲ್ಲಿ ನಗು ಇರಲಿಲ್ಲ.

“ಅರ್ಧ ಗಂಟೆ.”

“ಅರ್ಧ ಗಂಟೇಲಿ ನಮ್ಮದೇನು ಗಂಟು ಹೋಗತ್ತೆ ಸಾಹೇಬ್ರೇ” ಎಂದು ಮೇಸ್ತ್ರಿ ಹಿರಿಯ ಇಂಜಿನಿಯರ ಕಡೆ ತಿರುಗಿದ. “ಕೆಳಗೆ ಹೋಗೋರು ನಮ್ಮ ಹುಡುಗ್ರು. ನೋಡೇ ಬಿಡೋಣ.”

ಹಿರಿಯ ಇಂಜಿನಿಯರು ಕನ್ನಡಕ ಹಾಕಿಕೊಂಡು ಕುರ್ಚಿ ಹಿಂದಕ್ಕೆ ತಳ್ಳಿದರು. “ಒಡೀರಿ. ಈಗಲೇ. ನನ್ನ ಕಣ್ಣ ಮುಂದೆ.” ಅವಳ ಪಕ್ಕದಿಂದ ಹಾದು ಹೋಗುವಾಗ ತಗ್ಗಿದ ದನಿಯಲ್ಲಿ, “ಎಲ್ಲರ ಮುಂದೆ ಹೇಳೋ ಬದಲು ನನ್ನ ಹತ್ರ ಹೇಳಬಹುದಿತ್ತು” ಎಂದರು.

ನಿನ್ನೆ ಬಂದಿದ್ದೆ ಎನ್ನುವುದು ಅವಳ ಬಾಯ ತುದಿಗೆ ಬಂತು. ಅಲ್ಲೇ ನುಂಗಿದಳು.

ಸ್ಲ್ಯಾಬ್ ಮೇಲಿನಿಂದ ಕ್ಯೂಬುಗಳನ್ನು ತಂದದ್ದು ಅವಳೇ. ಗೋಣಿ ಎತ್ತಿದಾಗ ಅವು ಕಲ್ಲಿನಂತೆ ಕೊರೆಯುತ್ತಿದ್ದವು. ಎದೆಗವಚಿಕೊಂಡು ಮೆಟ್ಟಿಲಿಳಿಯುವಾಗ ಅವಳಿಗೆ ವಿಚಿತ್ರವಾದ ಯೋಚನೆ ಬಂತು: ಇವು ಗಟ್ಟಿಯಾಗಿದ್ದರೆ ನಾನು ಕೆಟ್ಟೆ, ಮೆತ್ತಗಿದ್ದರೆ ಹಿರಿಯ ಇಂಜಿನಿಯರ ಮುಖ ಎಲ್ಲರೆದುರು ಸಣ್ಣದಾಗುತ್ತದೆ. ಯಾವುದಾಗಲಿ ಎಂದು ಬೇಡಿಕೊಳ್ಳುವುದು? ಏನನ್ನೂ ಬೇಡಿಕೊಳ್ಳಲಾಗಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಇನ್ನೇನು ಬಿದ್ದೇ ಹೋಗುತ್ತಿದ್ದಳು.

ಪರೀಕ್ಷಾ ಕೋಣೆ ಚಿಕ್ಕದು. ಹಿರಿಯ ಇಂಜಿನಿಯರು, ಮೇಡಂ, ಮೇಸ್ತ್ರಿ ಯಂತ್ರದ ಸುತ್ತ ನಿಂತರು. ಅವಳು ಮೊದಲ ಕ್ಯೂಬಿನ ಮೈ ಒರೆಸಿ, ಅಳೆದು, ಎರಡು ಉಕ್ಕಿನ ಫಲಕಗಳ ನಡುವೆ ಸರಿಯಾಗಿ ಮಧ್ಯಕ್ಕೆ ಕೂರಿಸಿದಳು. ಎರಡು ಸಲ ಸರಿಸಬೇಕಾಯಿತು. ಗುಂಡಿ ಒತ್ತಿದಳು. ಯಂತ್ರ ಗೊಣಗುತ್ತ ಒಂದೇ ಹದದಲ್ಲಿ ಒತ್ತಡ ಏರಿಸತೊಡಗಿತು. ಅವಳು ಅಂಕಿಯನ್ನು ನೋಡದೆ ಕ್ಯೂಬನ್ನೇ ನೋಡಿದಳು. ಮೂಲೆಯಲ್ಲಿ ಕೂದಲೆಳೆಯ ಬಿರುಕು. ಆಮೇಲೆ ಪಟ್ಟೆಂದು ಮೈ ಸಿಡಿದು ಚೂರುಗಳು ಯಂತ್ರಕ್ಕೆ ಅಡ್ಡ ಹಾಕಿದ್ದ ಜಾಲರಿಗೆ ಬಡಿದವು.

ಇಷ್ಟು ಬೇಗನಾ ಎಂದು ಮೇಸ್ತ್ರಿಯ ಬಾಯಿಂದ ಬಂತು.

ಅವಳು ಲೆಕ್ಕ ಹಾಕಿದಳು. “ಹದಿನೈದು ಸರ್.”

“ಒಂದನ್ನ ನಂಬಕ್ಕಾಗಲ್ಲ. ಇನ್ನೊಂದು ಇಡು” ಎಂದರು ಹಿರಿಯ ಇಂಜಿನಿಯರು.

ಎರಡನೆಯದು ಅದರ ಆಸುಪಾಸಿನಲ್ಲೇ ಒಡೆಯಿತು. ಮೂರನೆಯದು ಇನ್ನೂ ಸ್ವಲ್ಪ ಮುಂಚೆ. ಹಿರಿಯ ಇಂಜಿನಿಯರು ಬಗ್ಗಿ ಒಂದು ಚೂರನ್ನು ಹೆಕ್ಕಿಕೊಂಡು, ಹೆಬ್ಬೆರಳಿನಿಂದ ಅದರ ಅಂಚನ್ನು ಉಜ್ಜಿ ನೋಡಿದರು. ಮತ್ತೆ ಉಜ್ಜಿದರು. ಅವರು ಲೆಕ್ಕ ಹಾಕುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಸ್ಲ್ಯಾಬ್ ಕ್ಯೂಬಿಗಿಂತ ಬೆಚ್ಚಗಿದ್ದಿರಬಹುದು. ಆದರೆ ಹದಿನೈದನ್ನು ಇಪ್ಪತ್ತು ಮಾಡುವಷ್ಟು ಬೆಚ್ಚಗಿತ್ತೇ?

ಅವರು ಚೂರನ್ನು ತಟ್ಟೆಗೆ ಹಾಕಿದರು. “ಮೇಸ್ತ್ರೀ, ಆಸರೆ ಮುಟ್ಟಬೇಡಿ. ಒಂದನ್ನೂ ಮುಟ್ಟಬೇಡಿ. ನಾನು ಹೇಳೋ ತನಕ.” ಮೇಡಂಗೆ, “ಸ್ಲ್ಯಾಬ್ ಮೇಲೆ ದಪ್ಪ ಹೊದಿಕೆ ಹಾಕಿಸ್ತೀನಿ, ಕೆಳಗೆ ಪರದೆ ಕಟ್ಟಿಸಿ ಬಿಸಿಗಾಳಿ ಬಿಡಿಸ್ತೀನಿ. ಮುಂದಿನ ವಾರ ಸ್ಲ್ಯಾಬಿಂದಲೇ ತುಂಡು ಕೊರೆದು ತೆಗೆದು ನೋಡೋಣ. ಪಕ್ಕದ ಭಾಗ ಕಾಯಲಿ” ಎಂದರು. ಇಲಿಮರಿಯ ಕಡೆ ನೋಡದೆ ಹೊರಗೆ ಹೋದರು.

ಅವರು ಹೋದ ಮೇಲೆ ಮೇಸ್ತ್ರಿ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಅಳಿಯನಿಗೆ ಹೇಳಲು ಹೋದ.

ಆಮೇಲಿನ ದಿನಗಳು ಸುಖದ್ದೆಂದು ಯಾರೂ ತಿಳಿಯಬಾರದು. ಹಿರಿಯ ಇಂಜಿನಿಯರು ಅವಳೊಡನೆ ಮಾತು ಬಿಟ್ಟರು. ಹೇಳುವುದನ್ನೆಲ್ಲ ಬೇರೆಯವರ ಕೈಲಿ ಹೇಳಿಸಿದರು. ಕಬ್ಬಿಣ ಕಟ್ಟುವವರು ಕೆಲಸವಿಲ್ಲದೆ ಬೇರೆ ಕಡೆ ಹೋದಾಗ, “ಇಲಿಮರಿ ಕಚ್ಚಿದ್ದು ನಮ್ಮನ್ನ” ಎಂದು ಒಬ್ಬ ಅವಳಿಗೆ ಕೇಳುವ ಹಾಗೆ ಅಂದ. ಅವಳು ಬೆಳಿಗ್ಗೆ ಗೇಟಿನೊಳಗೆ ಕಾಲಿಡುವಾಗ ಪ್ರತಿದಿನವೂ, ಇವತ್ತು ನನ್ನ ಕೆಲಸ ಹೋಗುತ್ತದೆ ಎಂದುಕೊಂಡೇ ಕಾಲಿಡುತ್ತಿದ್ದಳು. ಮನೆಗೆ ಬಂದು ಅಕ್ಕನ ಮುಂದೆ ಅತ್ತದ್ದೂ ಇದೆ.

“ಗೆದ್ದವಳು ಅಳ್ತಾಳಾ?” ಎಂದಳು ಅಕ್ಕ.

“ಯಾರು ಗೆದ್ದಿದ್ದು? ಬಿಚ್ಚಿದ್ರೂ ಅದು ನಿಲ್ತಿತ್ತೇನೋ. ಯಾರಿಗೆ ಗೊತ್ತು?”

ಅಕ್ಕ ತಂಗಿಯ ತಲೆಗೆ ಎಣ್ಣೆ ಹಚ್ಚಿದಳು.

ಚಳಿ ಇಳಿಯಿತು. ಸ್ಲ್ಯಾಬಿನ ಮೈಯಿಂದಲೇ ಕೊರೆದು ತೆಗೆದ ತುಂಡುಗಳು ಯಂತ್ರದಲ್ಲಿ ಇಪ್ಪತ್ತು ದಾಟಿದವು. ಆಸರೆ ಬಿಚ್ಚುವ ದಿನ ಬಂತು. ಕೆಳಗೆ ನಿಂತು ಸ್ಲ್ಯಾಬ್ ಎಷ್ಟು ಬಗ್ಗುತ್ತದೆ ಎಂದು ಅಳೆಯುವ ಕೆಲಸ ಇಲಿಮರಿಗೆ ಬಿದ್ದಿತ್ತು. ಯಾರು ಹಾಕಿದರೆಂದು ಕೇಳಿದಾಗ, “ದೊಡ್ಡ ಸಾಹೇಬ್ರೇ” ಎಂದರು.

ಅವಳು ಹಾಲ್‌ನ ಗೋಡೆಯ ಬದಿಗೆ ಉಪಕರಣ ನಿಲ್ಲಿಸಿಕೊಂಡು ಕಾದಳು. ಮೇಸ್ತ್ರಿಯ ಅಳಿಯ ನಡುಮಧ್ಯಕ್ಕೆ ಹೋಗಿ ಮೊದಲ ಆಸರೆಯ ತಿರುಪಿಗೆ ಸುತ್ತಿಗೆಯಿಂದ ಮೆತ್ತಗೆ ತಟ್ಟಿದ. ಅದು ಕಿರ್ರೆಂದಿತು. ಅಂಕಿಗಳೆಲ್ಲ ಸರಿಯಿದ್ದವು, ಅವಳೇ ನೋಡಿದ್ದಳು. ಆದರೂ ಆ ಬೂದುಬಣ್ಣದ ಅಗಾಧ ಭಾರದ ಕೆಳಗೆ ನಿಂತಾಗ ಅಂಕಿಗಳು ಯಾರನ್ನೂ ಸಮಾಧಾನಪಡಿಸುವುದಿಲ್ಲ.

ಪಕ್ಕದಲ್ಲಿ ಬೂಟಿನ ಸದ್ದಾಯಿತು. ಹಿರಿಯ ಇಂಜಿನಿಯರು ಬಂದು ನಿಂತರು. ಮೇಲೆ ನೋಡತೊಡಗಿದರು.

“ನಂಗೆ ಅವತ್ತು ಸಿಟ್ಟು ಬಂದಿತ್ತು” ಎಂದರು, ಮೇಲಿನಿಂದ ಕಣ್ಣು ತೆಗೆಯದೆ.

“ಗೊತ್ತು ಸರ್.”

“ಈಗಲೂ ಸ್ವಲ್ಪ ಇದೆ.”

ಅಳಿಯ ಎರಡನೆಯ ಆಸರೆಗೆ ಹೋದ. ಮತ್ತೆ ಕಿರ್ರೆಂದಿತು. ಆ ಸದ್ದಿಗೆ ಹಿರಿಯ ಇಂಜಿನಿಯರ ಭುಜ ಒಮ್ಮೆ ಸಣ್ಣಗೆ ಅದುರಿದ್ದನ್ನು ಅವಳು ನೋಡಿದಳು. ನೋಡಿಯೂ ನೋಡದ ಹಾಗೆ ಉಪಕರಣಕ್ಕೆ ಕಣ್ಣು ಹಚ್ಚಿದಳು.

“ಎಷ್ಟು?” ಎಂದು ಕೇಳಿದರು.

“ಇನ್ನೂ ಏನೂ ಇಲ್ಲ ಸರ್.”

“ನೋಡ್ತಾ ಇರು. ಏನಾದ್ರೂ ಕಂಡ್ರೆ ಕೂಗು. ಮೆಲ್ಲಗಲ್ಲ.”

“ಹ್ಞೂಂ ಸರ್.”

ನಡುವಿನಿಂದ ಕಂಬಗಳ ಕಡೆಗೆ ಒಂದೊಂದೇ ಸಾಲು ಸಡಿಲವಾಗುತ್ತ ಬಂತು. ಅವಳು ಅಂಕಿ ಹೇಳುತ್ತ ಹೋದಳು, ಅವರು ತಲೆಯಾಡಿಸುತ್ತ ಹೋದರು. ಸ್ಲ್ಯಾಬ್ ಕೂದಲೆಳೆಯಷ್ಟು ಇಳಿಯಿತು, ಬಗ್ಗಬೇಕಾದಷ್ಟೇ ಬಗ್ಗಿತು, ನಿಂತಿತು. ಕೊನೆಯ ಆಸರೆ ನೆಲಕ್ಕೊರಗಿದಾಗ ಕೆಲಸದವರು ಹೋ ಎಂದು ಕೂಗಿದರು. ಖಾಲಿಯಾದ ಹಾಲ್ ಆ ಕೂಗನ್ನು ಎರಡರಷ್ಟು ಮಾಡಿ ತಿರುಗಿಸಿತು.

ಇಲಿಮರಿ ಪಕ್ಕದಲ್ಲಿ ಬಿದ್ದಿದ್ದ ಹಲಗೆಯ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಹಿರಿಯ ಇಂಜಿನಿಯರು ಹಾಲ್‌ನ ಆ ತುದಿಯಲ್ಲಿ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ ಒಬ್ಬನನ್ನು ಕಂಡು, ಕಟ್ಟಡವೇ ಅದುರುವಂತೆ ಗುಡುಗುತ್ತ ಆ ಕಡೆ ನಡೆದಿದ್ದರು.